ನೀರು ತಾಗಿದರೆ ವಾರಂಟಿ ಸಿಗದ ನಿಮ್ಮ ವಾಟರ್‌ಪ್ರೂಫ್ ಬ್ಯಾಗ್ ಬಗ್ಗೆ ದೂರು

ಇವರಿಗೆ,
ಗ್ರಾಹಕರ ಕುಂದುಕೊರತೆ ಅಧಿಕಾರಿಗಳು
(ಕಂಪನಿ ಹೆಸರು ಬ್ಯಾಗಿನ ಮೇಲೆ ದಪ್ಪ ಅಕ್ಷರದಲ್ಲಿದೆ. ಅದೊಂದು ಮಾತ್ರ ಮಳೆಗೆ ಅಳಿಸಿಲ್ಲ.)

ವಿಷಯ: 20 ಲೀಟರ್ ಡ್ರೈ ಬ್ಯಾಗಿನ ತಳದ ಹೊಲಿಗೆಯಿಂದ ನೀರು ನುಗ್ಗಿ ದಾಖಲೆ ಪತ್ರ ಹಾಳಾದದ್ದು, ಹಣ ವಾಪಸ್ ಮತ್ತು ನಷ್ಟ ಪರಿಹಾರ ಕೋರಿ.

ಮಾನ್ಯರೇ,

ನಾನು ತುಮಕೂರಿನಲ್ಲಿ ಪತ್ರ ಬರಹಗಾರ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆಯುವುದು ಕೆಲಸ. ಗುಬ್ಬಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಸ್ಕೂಟರಿನಲ್ಲಿ ಓಡಾಡುತ್ತಿರುತ್ತೇನೆ. ಜೊತೆಯಲ್ಲಿ ಇರುವುದು ನನ್ನ ಕಾಗದ ಅಲ್ಲ, ಊರವರ ಮೂಲಪತ್ರಗಳು. ಅದಕ್ಕೇ 1,499 ರೂಪಾಯಿ ಕೊಟ್ಟು ನಿಮ್ಮ ಬ್ಯಾಗ್ ತಗೊಂಡೆ. ಈ ಬೆಲೆಗೆ ಇಲ್ಲಿ ಒಳ್ಳೆಯ ರೇನ್‌ಕೋಟೇ ಬರುತ್ತದೆ.

ನಿಮ್ಮ ಜಾಹೀರಾತಿನ ಪುಟದಲ್ಲಿ ಇರುವುದು ಇಷ್ಟು: ಹೊಲಿಗೆ ಇಲ್ಲದ, ಬಿಸಿಯಿಂದ ಬೆಸೆದ ಜೋಡಣೆ. ಐಪಿಎಕ್ಸ್-7. ಪಕ್ಕದಲ್ಲಿ ಹೊಳೆಯ ಮಧ್ಯೆ ದೋಣಿ, ದೋಣಿಯಲ್ಲಿ ಈ ಬ್ಯಾಗ್, ನಗುತ್ತಿರುವ ಹುಡುಗ. ಐಪಿಎಕ್ಸ್-7 ಅಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿಸಿಟ್ಟರೂ ಒಳಗಿನ ವಸ್ತುವಿಗೆ ತೊಂದರೆ ಆಗುವಷ್ಟು ನೀರು ಹೋಗಬಾರದು ಅಂತ. ಇದನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ, ಪುಟದಲ್ಲಿ ಬರೆದವರು ನೀವೇ ಅಲ್ವಾ.

ಉತ್ತರೆ ಮಳೆ ಹಿಡಿದ ವಾರ ನಾನು ಗುಬ್ಬಿಗೆ ಹೊರಟೆ. ಹೆಗ್ಗೆರೆ ದಾಟುವಷ್ಟರಲ್ಲಿ ಮಳೆ ಜೋರಾಯಿತು. ಮಲ್ಲಸಂದ್ರದಲ್ಲಿ ಎಲ್ಲರೂ ಗಾಡಿ ನಿಲ್ಲಿಸಿ ಅಂಗಡಿ ಸೂರಿನ ಕೆಳಗೆ ಸೇರಿಕೊಂಡರು. ನಾನು ನಿಲ್ಲಲಿಲ್ಲ. ಐಪಿಎಕ್ಸ್-7 ಇದೆಯಲ್ಲ! ಬ್ಯಾಗನ್ನು ಸ್ಕೂಟರಿನ ಕೊಕ್ಕೆಗೆ ಸಿಕ್ಕಿಸಿ ಕಾಲಿಡುವ ಜಾಗದಲ್ಲಿ ಇಟ್ಟಿದ್ದೆ. ಅಲ್ಲಿ ರಬ್ಬರ್ ಮ್ಯಾಟಿನ ಮೇಲೆ ನೀರು ನಿಲ್ಲುತ್ತದೆ, ಮುಂದಿನ ಚಕ್ರ ಚಿಮ್ಮಿಸುವುದೂ ಅಲ್ಲಿಗೇ ಬರುತ್ತದೆ. ಹೆಚ್ಚೆಂದರೆ ಬೆರಳ ದಪ್ಪದ ನೀರು. ದೋಣಿಯ ಹುಡುಗ ಇದನ್ನು ನೀರು ಅಂತಲೂ ಕರೆಯುತ್ತಿರಲಿಲ್ಲ.

ಆಫೀಸಿನ ಜಗಲಿಯಲ್ಲಿ ಬ್ಯಾಗ್ ತೆಗೆದೆ. ಬಾಯಿ ಹತ್ತಿರ ಒಳಗೆ ಒಣಗಿತ್ತು. ಫೈಲುಗಳ ಮೇಲಿನ ಅಂಚು ಗರಿಗರಿ. ಕೆಳಗೆ ಕೈ ಹಾಕಿದರೆ ತಳದಲ್ಲಿ ನೀರು ನಿಂತಿತ್ತು. ಲೇಸರ್ ಪ್ರಿಂಟರಿನಲ್ಲಿ ತೆಗೆದ ಕರಡು ಪ್ರತಿಗಳು ಮುದುರಿಕೊಂಡಿದ್ದವು, ಅಕ್ಷರ ಅಲುಗಿರಲಿಲ್ಲ. ಆ ಪ್ರಿಂಟರಿನ ಪುಡಿ ಮಸಿ ಕಾಗದಕ್ಕೆ ಕರಗಿ ಅಂಟಿರುತ್ತದೆ, ನೀರಿಗೆ ಬಿಡುವುದಿಲ್ಲ. ಇಂಕ್‌ಜೆಟ್‌ನಲ್ಲಿ ತೆಗೆದ ನಕ್ಷೆಯ ಬಣ್ಣ ಪಕ್ಕದ ಹಾಳೆಗೂ ಹತ್ತಿತ್ತು. ಎಲ್ಲಕ್ಕಿಂತ ಕೆಳಗಿದ್ದದ್ದು ನಮ್ಮ ಪಾರ್ಟಿ ಅಜ್ಜನ ಹಳೆಯ ಕ್ರಯಪತ್ರ. ಮಸಿ ಪೆನ್ನಿನಲ್ಲಿ ಬರೆದದ್ದು. ಚೆಕ್ಕುಬಂದಿ ಬರೆದ ಕೊನೆಯ ಸಾಲುಗಳು ನೀಲಿ ಕಲೆಯಾಗಿದ್ದವು. ಪೂರ್ವಕ್ಕೆ ಯಾರ ಜಮೀನು ಅಂತ ಓದಬಹುದು, ಪಶ್ಚಿಮಕ್ಕೆ ಇರುವವರು ಕರಗಿ ಹೋಗಿದ್ದಾರೆ. ಸೀಲಿನ ನೇರಳೆ ಬಣ್ಣ ಸಾಕ್ಷಿಗಳ ರುಜು ಮೇಲೆ ಹರಿದಿತ್ತು.

ಅಜ್ಜ ಬೈಯಲಿಲ್ಲ. "ಯೂರಿಯಾ ಚೀಲದ ಒಳಗಿನ ಪ್ಲಾಸ್ಟಿಕ್‌ನಲ್ಲಿ ಸುತ್ತಿ ತಂದಿದ್ರೆ ಆಗ್ತಿತ್ತಲ್ಲ ಸ್ವಾಮಿ" ಅಂದರು. ನಿಮ್ಮ ಕಂಪನಿಯ ಬಗ್ಗೆ ಇದುವರೆಗೆ ನಾನು ಕೇಳಿದ ಅತ್ಯಂತ ನಿಖರವಾದ ವಿಮರ್ಶೆ ಅದು.

ನ್ಯಾಯವಾಗಿ ಒಂದು ಮಾತು ಹೇಳುತ್ತೇನೆ. ಬ್ಯಾಗಿನ ಜೊತೆ ಪುಕ್ಕಟೆ ಕೊಟ್ಟ ಫೋನ್ ಪೌಚ್ ಕೆಲಸ ಮಾಡಿತು. ಅದನ್ನು ನಂಬುವ ಮೊದಲು ಒಳಗೆ ಟಿಶ್ಯೂ ಪೇಪರ್ ಇಟ್ಟು, ಲಾಕ್ ಒತ್ತಿ, ಬಕೆಟಿನಲ್ಲಿ ಅರ್ಧ ಗಂಟೆ ಮುಳುಗಿಸಿ ನೋಡಿದ್ದೆ. ಟಿಶ್ಯೂ ಒಣಗಿಯೇ ಇತ್ತು. ಅವತ್ತು ಅದೇ ಬ್ಯಾಗಿನ ನೀರಿನಲ್ಲಿ ಬಿದ್ದಿದ್ದ ಫೋನೂ ಒಣಗಿಯೇ ಇತ್ತು. ಆದರೆ ಛಾಪಾ ಕಾಗದ ಆ ಪೌಚಿನಲ್ಲಿ ಹಿಡಿಸುವುದಿಲ್ಲ. ದುಡ್ಡು ಕೊಟ್ಟದ್ದು ಸೋರಿತು, ಪುಕ್ಕಟೆ ಬಂದದ್ದು ನಿಂತಿತು. ಇದು ನಿಮ್ಮ ಲೆಕ್ಕದಲ್ಲಿ ಯಾವ ಬಗೆಯ ವ್ಯಾಪಾರವೋ!

ಇನ್ನು ನಿಮ್ಮ ಕಸ್ಟಮರ್ ಕೇರ್. ಮೊದಲು ಮರ್ಯಾದೆಯಿಂದ ಹಲವು ಸಲ ಫೋನ್ ಮಾಡಿದೆ. ಟಿಕೆಟ್ ತೆರೆಯಿತು, ಟಿಕೆಟ್ ತಾನಾಗಿ ಮುಚ್ಚಿತು. ಕೊನೆಗೊಂದು ದಿನ ಗುಬ್ಬಿ ಆಫೀಸಿನ ಜಗಲಿಯಲ್ಲೇ ಲೈನ್ ಸಿಕ್ಕಿತು. ಸರಿಯಾಗಿ ಕೇಳಿಸದೆ ಸ್ಪೀಕರ್ ಹಾಕಿದೆ. ಸುತ್ತ ಪಾರ್ಟಿಯವರು, ಸಾಕ್ಷಿಗಳು, ಟೀ ಹುಡುಗ. ಮಾತುಕತೆ ಹೀಗಿತ್ತು.

"ಸರ್, ಬ್ಯಾಗ್ ನೀರಿನ ಸಂಪರ್ಕಕ್ಕೆ ಬಂದಿತ್ತಾ?"

"ಮಳೆ ಬರುತ್ತಿತ್ತಮ್ಮ."

"ಹಾಗಾದ್ರೆ ಅದು ವಾಟರ್ ಡ್ಯಾಮೇಜ್ ಸರ್. ವಾಟರ್ ಡ್ಯಾಮೇಜ್‌ಗೆ ವಾರಂಟಿ ಕವರ್ ಆಗಲ್ಲ."

"ವಾಟರ್‌ಪ್ರೂಫ್ ಬ್ಯಾಗಿಗೆ ಬೇರೆ ಯಾವ ಡ್ಯಾಮೇಜ್ ಆಗುತ್ತಮ್ಮ?"

ಸ್ವಲ್ಪ ಹೊತ್ತು ಸಂಗೀತ. ಆಮೇಲೆ ಸೀನಿಯರ್ ಅಂತ ಒಬ್ಬರು ಬಂದರು.

"ಬಾಯಿ ಎಷ್ಟು ಸುತ್ತು ಮಡಿಸಿದ್ರಿ ಸರ್?"

"ಮೂರು ಸುತ್ತು, ಬಿಗಿಯಾಗಿ. ಆಮೇಲೆ ಬಕಲ್. ನಿಮ್ಮ ಚೀಟಿಯಲ್ಲಿ ಇರುವ ಹಾಗೆ."

"ಮಡಿಸುವಾಗ ವಿಡಿಯೋ ತೆಗೆದಿದ್ದೀರಾ?"

"ಫೋನ್ ಬ್ಯಾಗಿನ ಒಳಗೆ ಇತ್ತಪ್ಪ."

ಟೀ ಹುಡುಗ ನಕ್ಕ. ಸೀನಿಯರ್ ನಗಲಿಲ್ಲ. "ವಿಡಿಯೋ ಇಲ್ಲ ಅಂದ್ರೆ ಯೂಸರ್ ಮಿಸ್ಟೇಕ್ ಅಂತಲೇ ಹಾಕಬೇಕಾಗುತ್ತೆ ಸರ್. ಮ್ಯಾನ್ಯುವಲ್ ಇಂಗ್ಲಿಷ್‌ನಲ್ಲಿ ಇದೆ. ನಿಮಗೆ ಓದೋಕೆ ಬರುತ್ತಾ? ಇಲ್ಲ ಅಂದ್ರೆ ಮನೇಲಿ ಮಕ್ಕಳ ಹತ್ತಿರ ಓದಿಸ್ಕೊಳ್ಳಿ."

ಓದು ಬರಹವನ್ನೇ ನಂಬಿ ಜನ ನನ್ನ ಹತ್ತಿರ ಬರುತ್ತಾರೆ. ಆ ಜನರೆಲ್ಲ ಸುತ್ತ ನಿಂತು ಇದನ್ನು ಕೇಳಿಸಿಕೊಂಡರು. ಒಬ್ಬರು ಮೆಲ್ಲಗೆ ತಮ್ಮ ಫೈಲನ್ನು ಎದೆಗೆ ಒತ್ತಿ ಹಿಡಿದುಕೊಂಡರು. ಅದನ್ನು ನಾನು ನೋಡಲಿಲ್ಲ ಅಂದುಕೊಂಡರೇನೋ. ಅಷ್ಟಕ್ಕೇ ಮುಗಿಯಲಿಲ್ಲ. "ಮಳೆಗಾಲಕ್ಕೆ ನಮ್ಮದೇ ರೇನ್ ಕವರ್ ಇದೆ ಸರ್, 399. ಅದನ್ನ ಡ್ರೈ ಬ್ಯಾಗ್ ಮೇಲೆ ಹಾಕಿದ್ರೆ ಸೇಫ್. ಆರ್ಡರ್ ಬುಕ್ ಮಾಡ್ಲಾ?"

ವಾಟರ್‌ಪ್ರೂಫ್ ಬ್ಯಾಗಿಗೆ ಮಳೆಯಿಂದ ರಕ್ಷಣೆ! ಆ ಕವರಿನ ಮೇಲೆ ಇನ್ನೊಂದು ಕವರ್ ಯಾವಾಗ ಬರುತ್ತದೆ ಅಂತ ಕೇಳಬೇಕಿತ್ತು. ಅಷ್ಟಕ್ಕೂ ರೇನ್ ಕವರ್ ಮುಚ್ಚುವುದು ಮುಂಭಾಗ ಮಾತ್ರ, ಬೆನ್ನಿಗೆ ತಾಗುವ ಕಡೆ ತೆರೆದೇ ಇರುತ್ತದೆ. ರೇನ್‌ಕೋಟಿನಿಂದ ಇಳಿಯುವ ನೀರು ಆ ಕಡೆಯಿಂದ ಒಳಗೆ ಹೋಗಿ ಕವರಿನ ತಳದಲ್ಲಿ ನಿಲ್ಲುತ್ತದೆ. ಕೆಳಗೆ ತೂತು ಇಲ್ಲದ ಕವರ್ ಆದರೆ ಅದು ತೊಟ್ಟಿಯೇ. ಅಂದರೆ ಸೋರುವ ತಳವನ್ನು ನೀರಿನಲ್ಲೇ ಇಟ್ಟು ಓಡಾಡಿ ಅಂತ ನಿಮ್ಮ ಸಲಹೆ, ಅದೂ 399 ರೂಪಾಯಿಗೆ.

ನಾನು ಸುಮ್ನೆ ಆರೋಪ ಮಾಡುವವನಲ್ಲ. ಗುಬ್ಬಿ ಗೇಟ್ ಹತ್ತಿರದ ಪಂಕ್ಚರ್ ಅಂಗಡಿಗೆ ಬ್ಯಾಗ್ ತಗೊಂಡು ಹೋದೆ. ಖಾಲಿ ಬ್ಯಾಗಿನಲ್ಲಿ ಗಾಳಿ ಹಿಡಿದು, ಬಾಯಿ ಮೂರು ಸುತ್ತು ಮಡಿಸಿ, ಬಕಲ್ ಹಾಕಿ, ಟ್ಯೂಬ್ ಅದ್ದುವ ತೊಟ್ಟಿಯಲ್ಲಿ ಒತ್ತಿದೆವು. ಬಾಯಿಯಿಂದ ಒಂದು ಗುಳ್ಳೆಯೂ ಬರಲಿಲ್ಲ. ತಳದ ಗುಂಡನೆ ತುಂಡು ಪಕ್ಕದ ಬಟ್ಟೆಗೆ ಸೇರುವ ಕಡೆಯಿಂದ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು. ಸಾಲಾಗಿ, ಸಮ ಅಂತರದಲ್ಲಿ. ಮುಳ್ಳು ಚುಚ್ಚಿದ್ದರೆ ಒಂದೇ ಕಡೆ ಬರಬೇಕಿತ್ತು. ಸಾಲಾಗಿ ಬಂದರೆ ಅದು ಸೂಜಿ ತೂತು ಅಂತ ಅಂಗಡಿಯವರೇ ಹೇಳಿದರು.

ಬ್ಯಾಗನ್ನು ಒಳಗು ಹೊರಗು ಮಾಡಿ ನೋಡಿದೆ. ಬಿಸಿಯಿಂದ ಬೆಸೆದಿದ್ದೀರಿ ಅಂದ ಜಾಗದಲ್ಲಿ ದಾರದ ಹೊಲಿಗೆ ಇದೆ. ಹೊಲಿಗೆ ಇರುವುದೇ ತಪ್ಪು ಅನ್ನುವುದಿಲ್ಲ. ಹೊಲಿದ ಮೇಲೆ ಒಳಗಿನಿಂದ ಟೇಪ್ ಅಂಟಿಸಿ ತೂತು ಮುಚ್ಚಿದರೆ ಮಳೆ ತಡೆಯುವ ಬ್ಯಾಗುಗಳಿವೆ. ನೀವೂ ಟೇಪ್ ಅಂಟಿಸಿದ್ದೀರಿ. ಆದರೆ ಉದ್ದದ ಹೊಲಿಗೆ ಬಂದು ತಳದ ಹೊಲಿಗೆಗೆ ಸೇರುವ ಮೂಲೆಯಲ್ಲಿ ಬಟ್ಟೆ ಮಡಿಕೆ ಬಿದ್ದು ದಪ್ಪ ಆಗಿದೆ. ಟೇಪ್ ಅಲ್ಲಿ ಸಮನಾಗಿ ಕೂರದೆ ಎದ್ದಿದೆ. ಅದರ ಕೆಳಗೆ ನನ್ನ ಉಗುರು ಹೋಗುತ್ತದೆ. ಉಗುರು ಹೋದ ಕಡೆ ನೀರು ಹೋಗಲ್ವಾ? ಇದು ನಾನು ಮಡಿಸಿದ್ದರಿಂದ ಆದದ್ದಲ್ಲ, ನೀವು ಹೊಲಿಸಿದ್ದರಿಂದ ಆದದ್ದು. ಬಾಯಿ ಸರಿಯಾಗಿ ಮಡಿಸದೆ ಇದ್ದಿದ್ದರೆ ಮೇಲಿನ ಕಾಗದ ಮೊದಲು ಒದ್ದೆ ಆಗಬೇಕಿತ್ತು. ಈ ಸರಳ ಲೆಕ್ಕ ನಿಮ್ಮ ಸೀನಿಯರ್ ಅವರಿಗೆ ತಿಳಿಯಲಿಲ್ಲ. ಪಂಕ್ಚರ್ ಅಂಗಡಿಯವರನ್ನು ನೇಮಿಸಿಕೊಳ್ಳಿ, ಕಡಿಮೆ ಸಂಬಳಕ್ಕೆ ಜಾಸ್ತಿ ಬುದ್ಧಿ ಸಿಗುತ್ತದೆ.

ತೊಟ್ಟಿಯಲ್ಲಿ ಗುಳ್ಳೆ ಏಳುವ ವಿಡಿಯೋ, ಎದ್ದ ಟೇಪಿನ ಫೋಟೋ, ಬಿಲ್ಲು, ನಿಮ್ಮ ಜಾಹೀರಾತು ಪುಟದ ಸ್ಕ್ರೀನ್‌ಶಾಟ್ ಈ ಪತ್ರದ ಜೊತೆ ಇವೆ. ಪುಟವನ್ನು ಈಗ ಬದಲಾಯಿಸಿದರೂ ಪ್ರಯೋಜನ ಇಲ್ಲ. ಬ್ಯಾಗಿನ ಹಣ ವಾಪಸ್ ಬರಬೇಕು. ಅಜ್ಜನ ಕ್ರಯಪತ್ರ ನೋಂದಣಿ ಆದದ್ದು, ಹಾಗಾಗಿ ದೃಢೀಕೃತ ನಕಲು ಸಿಗುತ್ತದೆ, ಅದರ ಖರ್ಚೂ ಓಡಾಟದ ಖರ್ಚೂ ನಿಮ್ಮದು. ಮೂಲಪತ್ರ ಮಾತ್ರ ಮತ್ತೆ ಬರುವುದಿಲ್ಲ. ಅದಕ್ಕೆ ಬೆಲೆ ಕಟ್ಟುವ ಕೆಲಸ ಗ್ರಾಹಕರ ಆಯೋಗಕ್ಕೆ ಬಿಡುತ್ತೇನೆ.

ಆನ್‌ಲೈನ್ ಮಾರಾಟಕ್ಕೆ 2020ರ ನಿಯಮಗಳಿವೆ. ದೂರು ತಲುಪಿದ 48 ಗಂಟೆಯೊಳಗೆ ತಲುಪಿದೆ ಅಂತ ಹೇಳಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಗೊತ್ತಿದೆ ಅಂದುಕೊಂಡಿದ್ದೇನೆ. ಆಗದಿದ್ದರೆ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ನಿಮ್ಮ ಊರಿಗೆ ಬರಬೇಕಿಲ್ಲ. ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ವಕೀಲರೂ ಬೇಕಾಗಿಲ್ಲ. ಊರವರಿಗೆಲ್ಲ ಅರ್ಜಿ ಬರೆದು ಕೊಡುವವನು ನನಗೊಂದು ಬರೆದುಕೊಳ್ಳುವುದು ಎಷ್ಟು ಹೊತ್ತಿನ ಕೆಲಸ? ತಪ್ಪು ಜಾಹೀರಾತು, ದೋಷದ ಸರಕು, ಸೇವಾ ನ್ಯೂನತೆ, ಮೂರನ್ನೂ ಸೇರಿಸುತ್ತೇನೆ. ಸ್ಪೀಕರಿನಲ್ಲಿ ಕೇಳಿಸಿಕೊಂಡವರು ಸಾಕ್ಷಿಗೆ ಸಾಲುಗಟ್ಟಿ ನಿಂತಿದ್ದಾರೆ, ಟೀ ಹುಡುಗನೂ ಸೇರಿ.

ನೋಟಿಸ್ ಬಂದ ಮೇಲೆ ನಿಮ್ಮವರು ತುಮಕೂರಿಗೆ ಬರಬೇಕಾಗುತ್ತದೆ. ವಿಚಾರಣೆ ದಿನ ನಿಮ್ಮ ದಾಖಲೆಗಳನ್ನೆಲ್ಲ ಇದೇ 20 ಲೀಟರ್ ಬ್ಯಾಗಿನಲ್ಲಿ ಹಾಕಿಕೊಂಡು, ಸ್ಟೇಷನ್ನಿನಿಂದ ಸ್ಕೂಟರಿನಲ್ಲಿ ಬನ್ನಿ. ಮಡಿಸುವಾಗ ವಿಡಿಯೋ ತೆಗೆಯಲು ಮರೆಯಬೇಡಿ.

ಇಂತಿ,
ನಿಮ್ಮ ಗ್ರಾಹಕ (ಇಲ್ಲಿಯವರೆಗೆ)
ಪತ್ರ ಬರಹಗಾರ, ತುಮಕೂರು