ಗೌರಿಯ ಗಿಣಿ ಶಾಲೆಗೆ ಹೋದ ದಿನ

ಲೈಪ್‌ಜಿಗ್, ಮೇ 18

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿ ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಆನೆಗೊಂದಿಯಲ್ಲಿ ಅವ್ವ, ಭಾವ, ಪುಟ್ಟಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಸಮವಸ್ತ್ರ ಹೊಲಿಸಿ ತಂದ ದಿನದಿಂದ ಪುಟ್ಟಿ ಹೊಟ್ಟೆನೋವು ಎನ್ನುತ್ತಿದ್ದಾಳೆಂದೂ, ಮೊದಲ ದಿನ ಅವಳು ಆಟದಲ್ಲಿ ಮೈಮರೆತಾಗ ಸದ್ದಿಲ್ಲದೆ ಹೊರಟುಬರುವ ಯೋಚನೆ ನಿನಗಿದೆಯೆಂದೂ ಬರೆದಿದ್ದೀಯೆ. ದಯವಿಟ್ಟು ಹಾಗೆ ಮಾಡಬೇಡ. ನಾನು ಕೆಲಸ ಮಾಡುವ ಶಿಶುವಿಹಾರದಲ್ಲಿ ಹೊಸ ಮಗುವಿನ ತಾಯಿಯೋ ತಂದೆಯೋ ಮೊದಲ 3 ದಿನ ಮಗುವಿನ ಜೊತೆಗೇ ಕೋಣೆಯಲ್ಲಿ ಕುಳಿತಿರುತ್ತಾರೆ. 4ನೆಯ ದಿನ, ಮಗುವಿಗೆ ಹೇಳಿಯೇ, ಸ್ವಲ್ಪ ಹೊತ್ತು ಹೊರಗೆ ಹೋಗಿ ಬರುತ್ತಾರೆ. ಹೇಳದೆ ಜಾರಿಕೊಂಡವರ ಮಗು ಮರುದಿನ ಆಟಿಕೆಯನ್ನು ಮುಟ್ಟದೆ ಬಾಗಿಲನ್ನೇ ಕಾಯುತ್ತ ಕೂರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೆಳಗಿನ ಕತೆಯನ್ನು ಅವಳಿಗಾಗಿಯೇ ಬರೆದೆ. ಹುಡುಗಿಗೆ ಬೇಕೆಂದೇ ಪುಟ್ಟಿಯ ಹೆಸರಿಡಲಿಲ್ಲ. ತನ್ನ ಹೆಸರು ಕೇಳಿಬಂದರೆ ಇದು ಕತೆಯಲ್ಲ, ಬುದ್ಧಿಮಾತು ಎಂದು ಐದು ವರ್ಷದವರಿಗೆ ಕೂಡಲೇ ಗೊತ್ತಾಗಿಬಿಡುತ್ತದೆ.

ಹೊಳೆಯ ದಂಡೆಯ ಊರಿನಲ್ಲಿ ಗೌರಿ ಎಂಬ ಹುಡುಗಿ ಇದ್ದಳು. ಅವಳ ಬಳಿ ಹೆಬ್ಬೆರಳಿನಷ್ಟೇ ದೊಡ್ಡದಾದ ಒಂದು ಕಿನ್ನಾಳದ ಮರದ ಗಿಣಿ ಇತ್ತು. ಶಾಲೆಯ ಮೊದಲ ದಿನ ಗೌರಿ ಗಿಣಿಯನ್ನು ಜೇಬಿಗೆ ಹಾಕಿಕೊಂಡಳು. ಶಾಲೆಯ ಬಾಗಿಲು ಕಂಡ ಕೂಡಲೇ ಅವಳ ಹೊಟ್ಟೆಯೊಳಗೆ ಒಂದು ಹರಿಗೋಲು ಗಿರಗಿರನೆ ತಿರುಗತೊಡಗಿತು.

"ಅವ್ವ, ನೀನು ಯಾವಾಗ ಬರುತ್ತೀ?" ಎಂದು ಗೌರಿ ಕೇಳಿದಳು.

"ನೀನು ಊಟ ಮಾಡಿ ತಟ್ಟೆ ತೊಳೆಯುತ್ತೀ. ಆಮೇಲೆ ಆಡುತ್ತೀ. ಆಮೇಲೆ ಉದ್ದ ಗಂಟೆ ಬಾರಿಸುತ್ತದೆ. ಆಗ ನಾನು ಬೇವಿನ ಮರದ ಕೆಳಗೆ ಇರುತ್ತೇನೆ," ಎಂದಳು ಅವ್ವ. ಗೌರಿಯ ಕೆನ್ನೆಗೆ ಮುತ್ತು ಕೊಟ್ಟು, "ಹೋಗಿ ಬರುತ್ತೇನೆ," ಎಂದು ಹೇಳಿ ಹೋದಳು.

ಗೌರಿ ಅತ್ತಳು. ಜೋರಾಗಿಯೇ ಅತ್ತಳು. ಟೀಚರ್ ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತುಕೊಂಡರು. "ಅಳಬೇಡ" ಎನ್ನಲಿಲ್ಲ. "ಜೇಬಿನಲ್ಲಿ ಯಾರಿದ್ದಾರೆ?" ಎಂದು ಮೆಲ್ಲಗೆ ಕೇಳಿದರು.

"ಗಿಣಿ," ಎಂದಳು ಗೌರಿ. "ಅದಕ್ಕೆ ಹೆದರಿಕೆ ಆಗಿದೆ."

ಬಾಗಿಲ ಬಳಿ ಇನ್ನೊಬ್ಬ ಹುಡುಗ ಅಂಗಿಯ ತುದಿಯನ್ನು ಅಗಿಯುತ್ತಾ ನಿಂತಿದ್ದ. ಅವನ ಹೆಸರು ಈರಣ್ಣ. ಗೌರಿ ಅವನಿಗೆ ಗಿಣಿಯನ್ನು ತೋರಿಸಿದಳು. ಈರಣ್ಣ ಒಂದೇ ಬೆರಳಿನಿಂದ ಅದರ ಹಸಿರು ರೆಕ್ಕೆಯನ್ನು ಸವರಿದ.

ಊಟದ ಹೊತ್ತಾಯಿತು. ಅನ್ನ ಸಾರು ಬಿಸಿಬಿಸಿಯಾಗಿತ್ತು. ಇಬ್ಬರೂ ನಲ್ಲಿಯ ಕೆಳಗೆ ತಟ್ಟೆ ತೊಳೆದರು. "ಗಿಣಿ, ತಟ್ಟೆ ಆಯಿತು," ಎಂದಳು ಗೌರಿ. ಇಬ್ಬರೂ ಮರಳಿನಲ್ಲಿ ಒಂದು ಹೊಳೆ ಮಾಡಿದರು. "ಗಿಣಿ, ಆಟ ಆಯಿತು," ಎಂದ ಈರಣ್ಣ. ಆಮೇಲೆ ಢಣ್ ಢಣ್ ಢಣ್ ಎಂದು ಉದ್ದ ಗಂಟೆ ಬಾರಿಸಿತು.

ಗೌರಿ ಬೇವಿನ ಮರದ ಕಡೆ ನೋಡಿದಳು. ಅವ್ವ ಅಲ್ಲಿಯೇ ಇದ್ದಳು! ಗೌರಿ ಓಡಿಹೋಗಿ ಅವ್ವನ ಸೆರಗಿನಲ್ಲಿ ಮುಖ ಹುದುಗಿಸಿದಳು. ಹೊಟ್ಟೆಯೊಳಗಿನ ಹರಿಗೋಲು ಮೆಲ್ಲಗೆ ದಡ ಸೇರಿತು.

"ಅವ್ವ," ಎಂದಳು ಗೌರಿ, "ನಾಳೆ ಗಿಣಿಗೆ ಒಂದು ಹಾಸಿಗೆ ಬೇಕು. ಈರಣ್ಣ ಅದನ್ನು ಮಲಗಿಸುತ್ತಾನಂತೆ."

ಅಕ್ಕ, ಗೌರಿ ಅಳುವ ಭಾಗ ಬಂದಾಗ ಪುಟ್ಟಿಗೆ ಬೇಸರವಾದೀತೆಂದು ಅದನ್ನು ಹಾರಿಸಿ ಓದಬೇಡ. ಅಷ್ಟು ಅತ್ತವಳನ್ನೂ ಅವ್ವ ಬಂದು ಕರೆದುಕೊಂಡು ಹೋದಳು ಎಂಬುದನ್ನೇ ಅವಳು ಕೇಳಬೇಕಾಗಿದೆ. ನಿಜವಾದ ದಿನವೂ "3 ಗಂಟೆಗೆ ಬರುತ್ತೇನೆ" ಎನ್ನಬೇಡ. ಗಡಿಯಾರ ಅವಳಿಗೆ ತಿಳಿಯದು, ತಟ್ಟೆ ತೊಳೆಯುವುದು ತಿಳಿಯುತ್ತದೆ. ನಿಮ್ಮ ಶಾಲೆಯಲ್ಲಿ ಬೇವಿನ ಮರವಿಲ್ಲದಿದ್ದರೆ ನೀನು ನಿಲ್ಲುವ ಜಾಗದ ಹೆಸರನ್ನೇ ಕತೆಯಲ್ಲಿ ಸೇರಿಸಿ ಓದು, ಮತ್ತು ಮೊದಲ ವಾರವಾದರೂ ಗಂಟೆ ಬಾರಿಸುವ ಮೊದಲೇ ಅಲ್ಲಿ ನಿಂತಿರು. ಭತ್ತದ ನಾಟಿಗೆ ಆಳು ಹುಡುಕುವ ಕೆಲಸವನ್ನು ಆ ಹೊತ್ತಿಗೆ ಭಾವ ನೋಡಿಕೊಳ್ಳಲಿ.

ಇಲ್ಲಿ ಒಂದನೆಯ ತರಗತಿಗೆ ಸೇರುವ ಮಗುವಿನ ಕೈಗೆ ಸಿಹಿತಿಂಡಿ, ಬಣ್ಣದ ಪೆನ್ಸಿಲು ತುಂಬಿದ ದೊಡ್ಡ ಕಾಗದದ ಪೊಟ್ಟಣವನ್ನು ಕೊಡುವ ರೂಢಿಯಿದೆ. ಅದನ್ನು ಮಡಚದೆ ಅಷ್ಟು ದೂರ ಕಳುಹಿಸಲಾಗದು. ಅದರ ಬದಲು ಅಟ್ಟದ ಮೇಲಿನ ಟ್ರಂಕಿನಲ್ಲಿ, ಅವ್ವನ ಹಳೆಯ ಇಳಕಲ್ ಸೀರೆಯ ಮಡಿಕೆಯೊಳಗೆ, ನನ್ನ ಕಿನ್ನಾಳದ ಗಿಣಿ ಇದೆ, ತೆಗೆದುಕೊಡು. ಕೊಕ್ಕಿನ ಕೆಂಪು ಹೋಗಿದೆಯೆಂದು ಬಣ್ಣ ಹಚ್ಚಿಸಬೇಡ. ಶಾಲೆಯ ಮೊದಲ ದಿನ ನೀನು ನನ್ನ ಕೈಹಿಡಿದು ಕರೆದೊಯ್ದಾಗ ನಾನೇ ಅದನ್ನು ಕಚ್ಚಿ ಹಿಡಿದಿದ್ದೆ ಎಂದು ಪುಟ್ಟಿಗೆ ಹೇಳು.

ನಿನ್ನ ಪ್ರೀತಿಯ ತಂಗಿ