ಪ್ರಾಯೋಜಕತ್ವದ ಪತ್ರದ ಕುರಿತು

ಕಲಬುರಗಿ

ಚಿ. ಶರಣುವಿಗೆ ನಿನ್ನ ಕಾಕಾನ ಆಶೀರ್ವಾದಗಳು.

ಡಿಸೆಂಬರಿನ ಮಕ್ಕಳ ನಾಟಕೋತ್ಸವಕ್ಕೆ ನೆರವು ಕೋರಿ ತೊಗರಿಬೇಳೆ ಕಂಪನಿಗೆ ನೀನು ಬರೆದಿರುವ ಕರಡನ್ನು ಎರಡು ಸಲ ಓದಿದೆ. ಭಾಷೆ ಚೆನ್ನಾಗಿದೆ, ಆದರೆ ಈ ರೂಪದಲ್ಲಿ ಕಳಿಸಬೇಡ. ನಿವೃತ್ತನಾಗುವವರೆಗೂ ನಾನು ಒಂದು ಕಂಪನಿಯ ಪ್ರಚಾರ ವಿಭಾಗದಲ್ಲಿ ಕುಳಿತು ಇಂಥ ಮನವಿಗಳನ್ನೇ ಓದಿದವನು. ಆ ಮೇಜಿನ ಆಚೆ ಇರುವವರು ಮೊದಲು ನೋಡುವುದು ನಮ್ಮ ಸಂಸ್ಕೃತಿಯ ಹಿರಿಮೆಯನ್ನಲ್ಲ, ಜನ ಎಷ್ಟು, ಯಾವ ಬಗೆಯವರು ಎಂಬುದನ್ನು.

ನೀನು ‘ಸಾವಿರಾರು ಪ್ರೇಕ್ಷಕರು ಸೇರುತ್ತಾರೆ’ ಎಂದು ಬರೆದಿದ್ದೀಯ. ಆ ಮಾತು ಎಲ್ಲ ಮನವಿಗಳಲ್ಲೂ ಇರುವುದರಿಂದ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಳೆದ ವರ್ಷ ಶಾಮಿಯಾನಾದವರಿಂದ ಬಾಡಿಗೆಗೆ ತಂದ ಕುರ್ಚಿಗಳ ಸಂಖ್ಯೆ ನಿಮಗೆ ಗೊತ್ತು, ರಾತ್ರಿ ಏಳೂವರೆಗೆ ಖಾಲಿ ಇದ್ದವನ್ನೂ, ಮುಂದೆ ಜಮಖಾನದ ಮೇಲೆ ಕುಳಿತ ಮಕ್ಕಳನ್ನೂ ಎಣಿಸಿದ್ದೀರಿ. ನಿನ್ನದೇ ಟಿಪ್ಪಣಿಯಂತೆ ಶನಿವಾರ 520 ಜನ, ಭಾನುವಾರ 610. ಕೂಡಿದರೆ 1,130 ಆಗುತ್ತದೆ, ಆದರೆ ಇದು ಹಾಜರಿಯ ಲೆಕ್ಕವೇ ಹೊರತು ತಲೆಗಳ ಲೆಕ್ಕವಲ್ಲ. ಭಾನುವಾರ ಬಹುಮಾನದ ಹೊತ್ತಿಗೆ ‘ನಿನ್ನೆಯೂ ಬಂದವರು ಕೈ ಎತ್ತಿ’ ಎಂದಾಗ ಸುಮಾರು 200 ಕೈಗಳು ಎದ್ದವಂತೆ. ಅವರನ್ನು ಎರಡು ಸಲ ಎಣಿಸದಿದ್ದರೆ ಉಳಿಯುವುದು 930. ಎರಡೂ ಅಂಕಿಗಳನ್ನು ಬರೆದು, ಎಣಿಸಿದ ಬಗೆಯನ್ನು ಒಂದು ವಾಕ್ಯದಲ್ಲಿ ಹೇಳು. ಚಿಕ್ಕ ಅಂಕಿಯನ್ನು ನೀನಾಗಿಯೇ ಕೊಟ್ಟರೆ ದೊಡ್ಡದನ್ನೂ ನಂಬುತ್ತಾರೆ.

ಇನ್ನು ಕಂಪನಿಯವರು ಮಾಡುವ ಭಾಗಾಕಾರವನ್ನು ನೀನೇ ಮೊದಲು ಮಾಡಿ ನೋಡು. ನೀನು ಕೇಳಿರುವುದು 60,000 ರೂಪಾಯಿ, ಅದನ್ನು 930 ಜನರಿಗೆ ಹಂಚಿದರೆ ತಲೆಗೆ ಸುಮಾರು 65 ರೂಪಾಯಿ ಬೀಳುತ್ತದೆ. ಪತ್ರಿಕೆಯೊಳಗೆ ಕರಪತ್ರ ಇಟ್ಟು ಹಂಚಿದರೆ ಮನೆಯೊಂದಕ್ಕೆ ಇದರ ಒಂದು ಸಣ್ಣ ಪಾಲೂ ತಗಲುವುದಿಲ್ಲ. ಹಾಗಿರುವಾಗ ಬರೀ ಬ್ಯಾನರ್ ತೋರಿಸಿ 60,000 ಕೇಳಿದರೆ ಯಾರೂ ಒಪ್ಪುವುದಿಲ್ಲ. ನಿಮ್ಮಲ್ಲಿ ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಡುಗೆಮನೆಯ ಸಾಮಾನು ತಾವೇ ಆರಿಸುವ ಹೆಣ್ಣುಮಕ್ಕಳಾಗಿದ್ದರೆ, ಎರಡು ತಾಸು ಒಂದೇ ಕಡೆ ಕೂರುವವರಾಗಿದ್ದರೆ, ಅದೇ ನಿಮ್ಮ ಸರಕು. ಪ್ರವೇಶದ್ವಾರದ ಬಲಕ್ಕೆ ಹತ್ತಡಿ ಉದ್ದಗಲದ ಮಳಿಗೆ, ಅಲ್ಲಿ ಬೇಳೆ ಬೇಯಿಸಿ ರುಚಿ ತೋರಿಸಲು ಅನುಮತಿ, ಬೇರೆ ಯಾವ ಬೇಳೆ ಕಂಪನಿಯನ್ನೂ ಸೇರಿಸಿಕೊಳ್ಳುವುದಿಲ್ಲವೆಂಬ ಲಿಖಿತ ಭರವಸೆ, ಇವು ವೇದಿಕೆಯ ಮೇಲಿನ ಹೆಸರಿಗಿಂತ ಹೆಚ್ಚು ಬೆಲೆ ಬಾಳುತ್ತವೆ. ಗುಲ್ಬರ್ಗ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದು ನಿನಗೂ ಗೊತ್ತು. ಕಂಪನಿಯವರ ಪೊಟ್ಟಣಕ್ಕೆ ಅದನ್ನು ಬಳಸುವ ಅಧಿಕಾರವಿದ್ದರೆ ಊರಿನ ಜನರೆದುರು ಅದನ್ನು ಹೇಳಿಕೊಳ್ಳಲು ಆ ಮಳಿಗೆ ಒಳ್ಳೆಯ ಜಾಗ.

ನಿನ್ನ ಕೈಯಲ್ಲಿಲ್ಲದ್ದನ್ನು ಕೊಡುತ್ತೇನೆ ಎನ್ನಬೇಡ. ‘ಎಲ್ಲ ಪತ್ರಿಕೆಗಳಲ್ಲಿ ವರದಿ’ ಎಂಬ ಸಾಲನ್ನು ತೆಗೆ. ‘ನಗರದ ಮುಖ್ಯ ವೃತ್ತಗಳಲ್ಲಿ ಫ್ಲೆಕ್ಸ್’ ಎಂಬುದನ್ನೂ ತೆಗೆ. ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧವಿದೆ, ರಸ್ತೆಯ ಬದಿ ಬಟ್ಟೆಯ ಬ್ಯಾನರ್ ಕಟ್ಟಲೂ ಮಹಾನಗರ ಪಾಲಿಕೆಯ ಅನುಮತಿ ಬೇಕು. ಆವರಣದೊಳಗೆ ಎಷ್ಟು ಬ್ಯಾನರ್, ಯಾವ ಅಳತೆ, ಯಾವ ಜಾಗ ಎಂದು ಬರೆದರೆ ಸಾಕು.

ಕರಡಿನ ಕೊನೆಯಲ್ಲಿ ‘ತಮ್ಮ ಸಿಎಸ್ಆರ್ ನಿಧಿಯಿಂದ’ ಎಂದು ಸೇರಿಸಿದ್ದೀಯಲ್ಲ, ಅದು ಇಡೀ ಪತ್ರವನ್ನೇ ಕೆಡಿಸುತ್ತದೆ. ಸಿಎಸ್ಆರ್ ಎಂದರೆ ಕಂಪನಿ ಸಮಾಜದ ಒಳಿತಿಗೆಂದು ಖರ್ಚು ಮಾಡುವ ಹಣ. ಕಂಪನಿ ತನ್ನ ಸರಕಿನ ಪ್ರಚಾರಕ್ಕಾಗಿ ಕೊಡುವ ಪ್ರಾಯೋಜಕತ್ವವನ್ನು ಸಿಎಸ್ಆರ್ ವೆಚ್ಚವೆಂದು ತೋರಿಸಲು ನಿಯಮ ಬಿಡುವುದಿಲ್ಲ. ಮಳಿಗೆ, ಬ್ಯಾನರ್ ಕೊಡುವೆನೆಂದು ಬರೆದು ಅದೇ ಉಸಿರಿನಲ್ಲಿ ಸಿಎಸ್ಆರ್ ಹಣ ಕೇಳಿದರೆ, ಪ್ರಚಾರ ವಿಭಾಗದವರು ಅತ್ತ ಕಳಿಸುತ್ತಾರೆ, ಅತ್ತಲಿನವರು ಇತ್ತ ಕಳಿಸುತ್ತಾರೆ, ಅಷ್ಟರಲ್ಲಿ ಡಿಸೆಂಬರ್ ಕಳೆದಿರುತ್ತದೆ. ಇದು ಪ್ರಚಾರದ ಬಾಬ್ತು ಎಂದು ನೇರವಾಗಿ ಬರೆ. ಸಂಘದ ಹೆಸರಿನ ಪ್ಯಾನ್ ಮತ್ತು ಬ್ಯಾಂಕ್ ಖಾತೆಯ ವಿವರ ಸಿದ್ಧವಿರಲಿ. ಜಿಎಸ್‌ಟಿ, ಟಿಡಿಎಸ್ ಯಾರ ಹೊಣೆ ಎಂಬುದನ್ನು ಲೆಕ್ಕಪರಿಶೋಧಕರನ್ನು ಮೊದಲೇ ಕೇಳಿಕೋ. ಇಲ್ಲದಿದ್ದರೆ ಕೈಗೆ ಬರುವ ಮೊತ್ತ ನೀನು ಎಣಿಸಿದ್ದಕ್ಕಿಂತ ಕಡಿಮೆಯಾಗಿ ಶಾಮಿಯಾನಾದವರ ಮುಂದೆ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ನಡುವಿನ ಪ್ಯಾರಾವನ್ನು ಹೀಗೆ ಬರೆಯಬಹುದು: ‘ಕಳೆದ ವರ್ಷ ಎರಡು ಸಂಜೆಗಳಲ್ಲಿ ಒಟ್ಟು 1,130 ಹಾಜರಿ ಇದ್ದು, ಎರಡೂ ದಿನ ಬಂದವರನ್ನು ಒಮ್ಮೆ ಮಾತ್ರ ಎಣಿಸಿದರೆ ಸುಮಾರು 930 ಪ್ರೇಕ್ಷಕರಾಗುತ್ತಾರೆ. ತಾವು 60,000 ರೂಪಾಯಿಗಳ ಮುಖ್ಯ ಪ್ರಾಯೋಜಕತ್ವ ವಹಿಸಿದಲ್ಲಿ ಎರಡೂ ಸಂಜೆ ಮಳಿಗೆ, ಬೇಳೆ ವ್ಯಾಪಾರದಲ್ಲಿ ಏಕೈಕ ಪ್ರಾಯೋಜಕರೆಂಬ ಸ್ಥಾನ ಹಾಗೂ ಉತ್ಸವ ಮುಗಿದ 15 ದಿನಗಳೊಳಗೆ ಹಾಜರಿಯ ಲೆಕ್ಕ ಮತ್ತು ಛಾಯಾಚಿತ್ರಗಳುಳ್ಳ ವರದಿಯನ್ನು ಒದಗಿಸುತ್ತೇವೆ.’ ಅದರ ಕೆಳಗೆ, ಅಷ್ಟು ಆಗದಿದ್ದರೆ 15,000 ರೂಪಾಯಿಗೆ ಬಹುಮಾನಗಳ ಪ್ರಾಯೋಜಕರಾಗಬಹುದು ಎಂದೂ ಸೇರಿಸು. ಪೂರ್ತಿ ಇಲ್ಲವೆನ್ನುವುದಕ್ಕಿಂತ ಸಣ್ಣದಕ್ಕೆ ಹೂಂ ಎನ್ನುವುದು ಅಧಿಕಾರಿಗಳಿಗೂ ಹಗುರ.

ಹೆಣ್ಣುಮಕ್ಕಳ ಪ್ರಮಾಣ ನಿನ್ನ ಟಿಪ್ಪಣಿಯಲ್ಲಿಲ್ಲ. ಕಳೆದ ವರ್ಷದ ಫೋಟೋಗಳಲ್ಲಿ ಎರಡು ಮೂರು ಸಾಲುಗಳನ್ನು ಎಣಿಸಿ ಅಂದಾಜು ಹಾಕು, ಅಂದಾಜು ಎಂದೇ ಬರೆ. ತಿದ್ದಿದ ಪ್ರತಿಯನ್ನು ಈ ವಾರದೊಳಗೆ ನನಗೆ ಕಳಿಸು. ಉತ್ಸವಕ್ಕೆ ಎರಡು ತಿಂಗಳು ಇರುವಾಗಲೇ ಅದು ಕಂಪನಿಯ ಕೈ ಸೇರಬೇಕು.

ಇಂತಿ,
ನಿನ್ನ ಕಾಕಾ