ವಾಕ್ಯ ಮುಗಿಯುವ ಮುನ್ನ ಮುಗಿಸಬೇಡ

ಶ್ರೀನಿವಾಸಪುರ

ಚಿ. ಮಂಜುನಾಥನಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಇಂಗ್ಲಿಷ್ ಉತ್ತರಪತ್ರಿಕೆ ನೋಡಿದೆ. ಪ್ಯಾಸೇಜಿನ ಪದಗಳ ಅರ್ಥವೆಲ್ಲ ನಿನಗೆ ಗೊತ್ತಿದೆ. ಆದರೂ ಹಣ್ಣು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಕೋಲಾರ ಎಂದು ಬರೆದಿದ್ದೀಯ. ಆ ವಾಕ್ಯ ಹೀಗಿತ್ತು: ‘ದಿ ಮ್ಯಾಂಗೋಸ್ ಸೋಲ್ಡ್ ಇನ್ ಕೋಲಾರ್ ಲಾಸ್ಟ್ ವೀಕ್ ಕೇಮ್ ಫ್ರಮ್ ಶ್ರೀನಿವಾಸಪುರ್.’ ಸೋಲ್ಡ್ ಬಂದ ಕೂಡಲೇ ಕ್ರಿಯಾಪದ ಸಿಕ್ಕಿತು ಅಂದುಕೊಂಡು, ಕೋಲಾರದ ಹತ್ತಿರವೇ ವಾಕ್ಯ ಮುಗಿಸಿಬಿಟ್ಟಿದ್ದೀಯ. ಆಮೇಲೆ ಬಂದ ಕೇಮ್‌ಗೆ ಒಡೆಯನೇ ಇಲ್ಲದಂತಾಯಿತು.

ಇದು ಕನ್ನಡದ ಕಿವಿ ಮಾಡಿಸುವ ತಪ್ಪು. ಅದೇ ವಾಕ್ಯವನ್ನು ನಾವು ‘ಹೋದ ವಾರ ಕೋಲಾರದಲ್ಲಿ ಮಾರಿದ ಮಾವಿನ ಹಣ್ಣುಗಳು ಶ್ರೀನಿವಾಸಪುರದಿಂದ ಬಂದವು’ ಅನ್ನುತ್ತೇವೆ. ಎಂಥ ಹಣ್ಣು ಎಂಬ ವಿವರ ಮೊದಲು, ಹಣ್ಣು ಆಮೇಲೆ, ಕ್ರಿಯಾಪದ ಕಟ್ಟಕಡೆಗೆ. ಅದು ಬಂತೆಂದರೆ ವಾಕ್ಯ ಮುಗಿಯಿತು. ಇಂಗ್ಲಿಷಿನಲ್ಲಿ ಹಣ್ಣು ಮೊದಲು ಬರುತ್ತದೆ, ಇಂಥ ವಿವರ ಅದರ ಬೆನ್ನಿಗೆ ಬರುತ್ತದೆ, ಮುಖ್ಯ ಕ್ರಿಯಾಪದ ಅದರ ಆಚೆಗೆ. ಇನ್ನೊಂದು ತೊಡಕೂ ಇದೆ. ನಮ್ಮಲ್ಲಿ ‘ಮಾರಿದ ಹಣ್ಣು’, ‘ಹಣ್ಣು ಮಾರಿದರು’ ಎಂದು ರೂಪವೇ ಬೇರೆಯಾಗುತ್ತದೆ. (‘ಅವನು ಮಾರಿದ’ ಅಂತಲೂ ಅನ್ನುತ್ತೇವೆ, ನಿಜ. ಆದರೆ ಅದು ಕೊನೆಯಲ್ಲಿ ಕೂರುವುದರಿಂದ ಗೊಂದಲವಾಗುವುದಿಲ್ಲ.) ಸೋಲ್ಡ್ ಮಾತ್ರ ಎರಡು ಕೆಲಸಕ್ಕೂ ಒಂದೇ ರೂಪದಲ್ಲಿ ಬರುತ್ತದೆ. ಬಿಲ್ಟ್, ಮೇಡ್, ಸೆಂಟ್, ಕೊನೆಯಲ್ಲಿ ‘ಇಡಿ’ ಹತ್ತುವ ಪದಗಳು, ಎಲ್ಲ ಹೀಗೆಯೇ. ಗ್ರೋನ್, ಟೇಕನ್, ರಿಟನ್‌ಗಳಲ್ಲಿ ಈ ಕಷ್ಟವಿಲ್ಲ. ಹಿಂದೆ ಹ್ಯಾಸ್, ವಾಸ್ ಥರದ ಪದ ಇಲ್ಲದೆ ಅವು ಒಂಟಿಯಾಗಿ ಬಂದರೆ ಮುಖ್ಯ ಕ್ರಿಯಾಪದವಾಗಲಾರವು.

ಹಾಗಾದರೆ ಸೋಲ್ಡ್ ಯಾವ ಕೆಲಸ ಮಾಡುತ್ತಿದೆ ಎಂದು ತಿಳಿಯುವುದು ಹೇಗೆ? ಮೊದಲು ಪೂರ್ಣವಿರಾಮದವರೆಗೆ ಓದಿ, ಕ್ರಿಯೆಯಂತೆ ಕಾಣುವ ಪದಗಳಿಗೆಲ್ಲ ಪೆನ್ಸಿಲ್‌ನಿಂದ ಗೆರೆ ಎಳೆ. ಇಲ್ಲಿ ಎರಡು ಸಿಗುತ್ತವೆ: ಸೋಲ್ಡ್, ಕೇಮ್. ನಡುವೆ ‘ಆ್ಯಂಡ್’ ಇಲ್ಲ, ಹಾಗಾಗಿ ಎರಡೂ ಸಮನಾದ ಕ್ರಿಯೆಗಳಲ್ಲ. ಈಗ ಸೋಲ್ಡ್‌ಗೆ ಮುಂಚೆ ‘ವಿಚ್ ವರ್’ ಸೇರಿಸಿ ಓದು. ವಾಕ್ಯವೂ ಕೆಡಲಿಲ್ಲ, ಅರ್ಥವೂ ಕೆಡಲಿಲ್ಲ. ಅಂದಮೇಲೆ ಅದು ವಿವರ. ಸೋಲ್ಡ್‌ನಿಂದ ವೀಕ್‌ವರೆಗೆ ಕಂಸ ಹಾಕು. ಕಂಸದ ಹೊರಗೆ ಉಳಿಯುವುದು ‘ದಿ ಮ್ಯಾಂಗೋಸ್ ಕೇಮ್ ಫ್ರಮ್ ಶ್ರೀನಿವಾಸಪುರ್.’

ಏನನ್ನು ಮಾರಿದ್ದು ಎಂದೂ ಕೇಳಿ ನೋಡು. ‘ದಿ ಫಾರ್ಮರ್ ಸೋಲ್ಡ್ ಮ್ಯಾಂಗೋಸ್’ ಎಂಬಲ್ಲಿ ಉತ್ತರ ಸೋಲ್ಡ್ ಆದಮೇಲೆ ಸಿಗುತ್ತದೆ, ಆದ್ದರಿಂದ ಅದು ಮುಖ್ಯ ಕ್ರಿಯಾಪದ. ನಿನ್ನ ವಾಕ್ಯದಲ್ಲಿ ಉತ್ತರ ಅದಕ್ಕಿಂತ ಮೊದಲೇ ಬಂದುಬಿಟ್ಟಿದೆ. ಆದರೆ ಇದೊಂದನ್ನೇ ನಂಬಿಕೊಳ್ಳಬೇಡ. ‘ದಿ ಮ್ಯಾಂಗೋಸ್ ಸೋಲ್ಡ್ ವೆಲ್’ ಅಂದರೆ ಹಣ್ಣು ಚೆನ್ನಾಗಿ ಮಾರಾಟವಾಯಿತು ಎಂದು. ಅಲ್ಲಿ ಮುಂದೆ ಬೇರೆ ಕ್ರಿಯಾಪದವೇ ಇಲ್ಲ, ಸೋಲ್ಡ್ ತಾನೇ ಮುಖ್ಯ. ಅದಕ್ಕೇ ಕೊನೆಯವರೆಗೆ ಓದುವ ಕೆಲಸ ಮೊದಲು ಅಂದದ್ದು.

ಇಂಗ್ಲಿಷಿನ ‘ಹೂ’ ಬಂದಾಗ ಮಕ್ಕಳು ಎಡವುವುದು ಬೇರೆ ಕಡೆ. ‘ದಿ ಫಾರ್ಮರ್ ಹೂ ಸೋಲ್ಡ್ ದಿ ಮ್ಯಾಂಗೋಸ್ ಟು ದಿ ಟ್ರೇಡರ್ ಬಾಟ್ ಎ ಟ್ರ್ಯಾಕ್ಟರ್.’ ಟ್ರ್ಯಾಕ್ಟರ್ ಕೊಂಡವರು ಯಾರು? ಪಕ್ಕದಲ್ಲೇ ಇದ್ದಾನೆಂದು ವ್ಯಾಪಾರಿಯ ಹೆಸರು ಬರೆದುಬಿಡುತ್ತಾರೆ. ಕನ್ನಡದಲ್ಲಿ ‘ವ್ಯಾಪಾರಿಗೆ ಹಣ್ಣು ಮಾರಿದ ರೈತ ಟ್ರ್ಯಾಕ್ಟರ್ ಕೊಂಡ’ ಅಂದಾಗ ವ್ಯಾಪಾರಿ ದೂರ ಸರಿಯುತ್ತಾನೆ, ಮೇಲಾಗಿ ‘ಗೆ’ ಎಂಬ ಪ್ರತ್ಯಯ ಅವನನ್ನು ಕಟ್ಟಿಹಾಕಿದೆ. ಇಂಗ್ಲಿಷಿನಲ್ಲಿ ಆ ‘ಗೆ’ಯ ಕೆಲಸ ಮಾಡುತ್ತಿರುವುದು ಟ್ರೇಡರ್‌ಗೆ ಮುಂಚೆ ಬಂದ ‘ಟು’. ಹೀಗೆ ಟು, ಇನ್, ಫ್ರಮ್, ವಿತ್ ಮೊದಲಾದವು ಹಿಡಿದುಕೊಂಡ ನಾಮಪದ ಮುಂದಿನ ಕ್ರಿಯಾಪದಕ್ಕೆ ಕರ್ತೃವಾಗದು. ಅದನ್ನು ದಾಟಿ ಹಿಂದಕ್ಕೆ ಹೋಗು, ರೈತ ಸಿಗುತ್ತಾನೆ.

ಪೂರ್ಣವಿರಾಮದಿಂದ ಹಿಂದಕ್ಕೆ ಓದುತ್ತ ಕನ್ನಡ ಮಾಡಿಕೊಳ್ಳುವ ರೂಢಿ ನಿನಗಿದೆ ಎಂದು ನಿಮ್ಮಮ್ಮ ಹೇಳಿದಳು. ಐದಾರು ಪದದ ವಾಕ್ಯಕ್ಕೆ ಅದು ಸಾಕು, ಉದ್ದ ವಾಕ್ಯದಲ್ಲಿ ಅರ್ಧಕ್ಕೇ ದಾರಿ ತಪ್ಪುತ್ತದೆ. ಇಂಗ್ಲಿಷಿನ ಕ್ರಮದಲ್ಲೇ ಮುಂದೆ ಹೋಗು, ನಡುನಡುವೆ ಪ್ರಶ್ನೆ ಹಾಕಿಕೋ: ಮಾವಿನ ಹಣ್ಣುಗಳು. ಎಂಥವು? ಹೋದ ವಾರ ಕೋಲಾರದಲ್ಲಿ ಮಾರಿದಂಥವು. ಅವು ಏನಾದವು? ಶ್ರೀನಿವಾಸಪುರದಿಂದ ಬಂದವು. ಕನ್ನಡವಾಗಿ ಸೊಟ್ಟಗಿದ್ದರೂ ಪರವಾಗಿಲ್ಲ, ಅದು ನಿನ್ನ ತಲೆಯೊಳಗಿನ ಲೆಕ್ಕ.

ಇದಕ್ಕೆ ಕಂಸ ಹಾಕಿ ಕಳಿಸು: ‘ದಿ ಬಾಯ್ ಸೆಂಟ್ ಟು ದಿ ಆಫೀಸ್ ವಿತ್ ದಿ ರಿಜಿಸ್ಟರ್ ಫರ್ಗಾಟ್ ದಿ ಕೀ.’ ಕೀಲಿ ಮರೆತವರು ಯಾರು, ಅವನನ್ನು ಕಳಿಸಿದವರು ಯಾರೆಂದು ವಾಕ್ಯ ಹೇಳುತ್ತದೆಯೇ ಇಲ್ಲವೇ, ಎರಡನ್ನೂ ಬರೆ.

ಇಂತಿ,
ನಿನ್ನ ದೊಡ್ಡಪ್ಪ